ತಪ್ಪು ಉತ್ತರದ ಪಕ್ಕ ಏನು ಬರೆದರೆ ಮಗುವಿಗೆ ಎಡವಿದ ಜಾಗ ಕಾಣುತ್ತದೆ?

ಕನ್ನಡ ಶಿಕ್ಷಕಿ, ಹಾವೇರಿ ಕಡೆ

ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿ ಇದು ನನ್ನ ಎರಡನೇ ವರ್ಷ. ಒಂಬತ್ತನೇ ತರಗತಿಯಲ್ಲಿ 52 ಮಕ್ಕಳಿದ್ದಾರೆ. ಮೊನ್ನೆ ಅಪಠಿತ ಗದ್ಯದ ಟೆಸ್ಟ್ ಕೊಟ್ಟೆ. ಗದ್ಯ ನಾನೇ ಬರೆದದ್ದು:

“ಮೊದಲು ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಹೂಳನ್ನು ಗಾಡಿಗೆ ತುಂಬಿ ಹೊಲಕ್ಕೆ ಹಾಕುತ್ತಿದ್ದರು. ಅದರಿಂದ ಹೊಲಕ್ಕೆ ಸತ್ವ ಸಿಗುತ್ತಿತ್ತು, ಕೆರೆಯ ಆಳವೂ ಉಳಿಯುತ್ತಿತ್ತು. ಅಂಗಡಿಯ ಗೊಬ್ಬರ ಬಂದ ಮೇಲೆ ಹೂಳು ಹೊರುವವರಿಲ್ಲ. ಯುಗಾದಿಯವರೆಗೆ ನಿಲ್ಲುತ್ತಿದ್ದ ನೀರು ಈಗ ಸಂಕ್ರಾಂತಿಗೇ ಬತ್ತುತ್ತದೆ. ಮಳೆ ಕಡಿಮೆಯಾಗಿದೆ ಎಂದು ಊರಿನವರು ಹೇಳುತ್ತಾರೆ. ಆದರೆ ಮೂವತ್ತು ವರ್ಷಗಳ ಮಳೆ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ.”

ಪ್ರಶ್ನೆ: ಕೆರೆಯ ನೀರು ಬೇಗ ಬತ್ತಲು ಲೇಖಕರು ಸೂಚಿಸುವ ಕಾರಣವೇನು?

23 ಮಕ್ಕಳು “ಮಳೆ ಕಡಿಮೆಯಾಗಿರುವುದರಿಂದ” ಅಂತ ಬರೆದಿದ್ದಾರೆ. ಪ್ರತಿ ಸಲ “ಗದ್ಯವನ್ನು ಗಮನವಿಟ್ಟು ಓದು” ಅಂತ ಷರಾ ಬರೆಯುತ್ತೇನೆ. ಮುಂದಿನ ಟೆಸ್ಟಿನಲ್ಲಿ ಮತ್ತೆ ಅದೇ ಥರದ ತಪ್ಪು. ಎಲ್ಲಿ ಎಡವಿದೆ ಅಂತ ಮಗುವಿಗೇ ಕಾಣಬೇಕಾದರೆ ಏನು ಬರೆಯಬೇಕು? ಅನುಭವ ಇದ್ದವರು ಹೇಳಿ.

ಶಿಕ್ಷಕ, ಚಿತ್ರದುರ್ಗ ಜಿಲ್ಲೆ

ಮೇಡಂ, ನಾನು 11 ವರ್ಷದಿಂದ ಮಾಡುತ್ತಿರುವುದು ಸುಲಭದ ದಾರಿ. ಗದ್ಯ ಕೊಡುವಾಗಲೇ ಪ್ರತಿ ವಾಕ್ಯಕ್ಕೆ ನಂಬರ್ ಹಾಕಿಬಿಡುತ್ತೇನೆ. ಉತ್ತರ ತಪ್ಪಾದರೆ ಪಕ್ಕದಲ್ಲಿ ವಾಕ್ಯದ ನಂಬರ್ ಬರೆದು, ಕೆಳಗೆ ಸರಿಯಾದ ಉತ್ತರ ಬರೆಯುತ್ತೇನೆ. ನಿಮ್ಮ ಗದ್ಯಕ್ಕಾದರೆ “ವಾಕ್ಯ 2, 3 ನೋಡು. ಹೂಳು ತೆಗೆಯದೆ ಕೆರೆಯ ಆಳ ಕಡಿಮೆಯಾಗಿರುವುದು ಕಾರಣ” ಅಂತ. ಮಗು ಅದನ್ನು ಮೂರು ಸಲ ಬರೆದುಕೊಂಡು ಬರಬೇಕು. ಉತ್ತರ ಹೀಗಿರಬೇಕು ಅಂತ ಒಂದು ಮಾದರಿಯಾದರೂ ಕಣ್ಣಿಗೆ ಬೀಳುತ್ತದೆ. ಬರೀ ಪ್ರಶ್ನೆ ಕೇಳಿ ಬಿಟ್ಟರೆ ನಮ್ಮ ಕಡೆ ಮಕ್ಕಳು ಪೇಪರ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾರೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು, ಧಾರವಾಡ

ನನಗೂ ಇದೇ ತೊಂದರೆ ಇತ್ತು. ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯ ಓದಿ. ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಅಂತ ಹುಡುಕಿದರೆ ಉತ್ತರ ಅಲ್ಲೇ ಅಕ್ಕಪಕ್ಕ ಇರುತ್ತದೆ, ಟೈಮ್ ಉಳಿಯುತ್ತದೆ. ನಾಲ್ಕು ಆಯ್ಕೆ ಕೊಟ್ಟಿದ್ದರೆ ಗದ್ಯದ ಪದಗಳನ್ನು ಹಾಗೇ ಎತ್ತಿ ಇಟ್ಟಿರುವ ಆಯ್ಕೆಯ ಮೇಲೆ ಅನುಮಾನ ಇಟ್ಟುಕೊಳ್ಳಿ. ತಪ್ಪು ಆಯ್ಕೆಯನ್ನು ಹಾಗೇ ಮಾಡಿರುತ್ತಾರೆ.

ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು

ಧಾರವಾಡದ ತಮ್ಮ ಹೇಳಿದ್ದು ಪರೀಕ್ಷೆ ಬರೆಯುವವರಿಗೆ. ಮೇಡಂ ಕೇಳಿದ್ದು ಬರೆದಾದ ಮೇಲಿನ ಮಾತು. ಆದರೂ ಅವರ ಕೊನೆಯ ಎರಡು ವಾಕ್ಯದಲ್ಲಿ ಹುರುಳಿದೆ. ಪ್ರಶ್ನೆಯಲ್ಲಿ “ಬತ್ತಲು” ಅಂತಿದೆ, ಮಗು ಗದ್ಯದಲ್ಲಿ “ಬತ್ತುತ್ತದೆ” ಹುಡುಕುತ್ತದೆ. ಅದರ ಪಕ್ಕದ ವಾಕ್ಯವೇ “ಮಳೆ ಕಡಿಮೆಯಾಗಿದೆ”. ಅಕ್ಕಪಕ್ಕ ಹುಡುಕುವ ಆ ಅಭ್ಯಾಸವೇ ನಿಮ್ಮ 23 ಮಕ್ಕಳಲ್ಲಿ ಹಲವರನ್ನು ಬೀಳಿಸಿರಬಹುದು.

“ಇರಬಹುದು” ಅಂದೆ, ಯಾಕೆಂದರೆ ಉತ್ತರವೊಂದನ್ನೇ ನೋಡಿ ಅದನ್ನು ಹೇಳಲು ಬರುವುದಿಲ್ಲ. 23 ಮಕ್ಕಳು ಒಂದೇ ಉತ್ತರ ಬರೆದ ಮಾತ್ರಕ್ಕೆ ಎಲ್ಲರೂ ಒಂದೇ ಕಡೆ ಎಡವಿದ್ದಾರೆ ಅಂತಲ್ಲ. ಒಬ್ಬ ಐದನೇ ವಾಕ್ಯದಿಂದ ಎತ್ತಿ ಬರೆದಿರುತ್ತಾನೆ. ಒಬ್ಬಳು ಗದ್ಯದ ಕಡೆ ನೋಡದೆ ಮನೆಯಲ್ಲಿ ಕೇಳಿದ ಮಾತನ್ನು ಬರೆದಿರುತ್ತಾಳೆ. ಇನ್ನೊಬ್ಬ ಆರನೇ ವಾಕ್ಯವನ್ನೂ ಓದಿ, “ಅಂಥ ವ್ಯತ್ಯಾಸ” ಅಂದರೆ ಎಂಥದ್ದು ಅಂತ ಹೊಳೆಯದೆ ಹಿಂದಕ್ಕೆ ಬಂದಿರುತ್ತಾನೆ. ಮೂವರಿಗೂ ಒಂದೇ ಷರಾ ಬರೆದರೆ ಇಬ್ಬರ ಪಾಲಿಗೆ ಅದು ಬೇರೆಯವರ ವಿಳಾಸದ ಕಾಗದ.

ಅದಕ್ಕೆ ನಾನು ಉತ್ತರದ ಜೊತೆ ಇನ್ನೊಂದು ಕೆಲಸ ಕೇಳುತ್ತಿದ್ದೆ. ಯಾವ ವಾಕ್ಯ ನೋಡಿ ಈ ಉತ್ತರ ಬರೆದೆಯೋ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆ, ಗದ್ಯದಲ್ಲಿ ಇಲ್ಲದ್ದನ್ನು ಬರೆದಿದ್ದರೆ ಅಂಚಿನಲ್ಲಿ “ನನಗೆ ಗೊತ್ತಿದ್ದದ್ದು” ಅಂತ ಬರೆ. ಇದಕ್ಕೆ ಅಂಕ ಇಲ್ಲ, ಅಂಕ ಕಳೆಯುವುದೂ ಇಲ್ಲ ಅಂತ ಮೊದಲೇ ಹೇಳಿರುತ್ತಿದ್ದೆ. ಆ ಗೆರೆ ಸಿಕ್ಕಿದ ಮೇಲೆ ನನ್ನ ಕೆಲಸ ಅರ್ಧ ಮುಗಿದ ಹಾಗೆ. ನಿಮ್ಮ ಪೇಪರುಗಳನ್ನೂ ಷರಾ ಬರೆಯದೆ ಒಮ್ಮೆ ವಾಪಸ್ ಕೊಟ್ಟು ಗೆರೆ ಎಳೆಸಿ. ಹತ್ತು ನಿಮಿಷ ಸಾಕು.

ಐದನೇ ವಾಕ್ಯಕ್ಕೆ ಗೆರೆ ಎಳೆದ ಮಗುವನ್ನು ತೆಗೆದುಕೊಳ್ಳೋಣ. ಅದು ಜಾರಿದ ಜಾಗ ಬಹಳ ಸಣ್ಣದು, “ಎಂದು” ಅನ್ನುವ ಒಂದೇ ಪದ. ನಮ್ಮ ಭಾಷೆಯಲ್ಲಿ ಮಾತು ಮೊದಲು ಬಂದು, ಆಡಿದವರು ಆಮೇಲೆ ಬರಬಹುದು. “ಮಳೆ ಕಡಿಮೆಯಾಗಿದೆ” ಅಂತ ಓದುವಷ್ಟರಲ್ಲಿ ಮಗುವಿನ ತಲೆಯಲ್ಲಿ ಅದು ನಡೆದ ಸಂಗತಿಯಾಗಿ ಕೂತುಬಿಟ್ಟಿರುತ್ತದೆ. ಆಮೇಲೆ ಬರುವ “ಎಂದು ಊರಿನವರು ಹೇಳುತ್ತಾರೆ” ಬಾಲದ ಹಾಗೆ ಕಣ್ಣ ಮುಂದೆ ಹಾದುಹೋಗುತ್ತದೆ. ಆರನೇ ವಾಕ್ಯದಲ್ಲೂ ಹಾಗೇ. ಇಡೀ ವಾಕ್ಯದ ಅರ್ಥ ತಿರುಗುವುದು ಕೊನೆಯ “ಕಾಣುವುದಿಲ್ಲ”ದಲ್ಲಿ. ಅವಸರದಲ್ಲಿ ಓದುವ ಮಗು ವಾಕ್ಯದ ತುದಿಗೆ ಹೋಗಿರುವುದೇ ಇಲ್ಲ. ಗಟ್ಟಿಯಾಗಿ ಓದಿಸಿ ನೋಡಿ, ದನಿ “ಕಡಿಮೆಯಾಗಿದೆ” ಹತ್ತಿರ ಇಳಿದು ನಿಂತುಬಿಡುತ್ತದೆ. ನಿಂತ ಜಾಗವೇ ನಿಮಗೆ ಬೇಕಾದ ಜಾಗ.

ಆ ಮಗುವಿಗೆ ನಾನು ಬರೆಯುತ್ತಿದ್ದ ಷರಾ ಹೀಗಿರುತ್ತಿತ್ತು:

“‘ಮಳೆ ಕಡಿಮೆಯಾಗಿದೆ’ ಅನ್ನುವ ಮಾತು ಗದ್ಯದಲ್ಲಿ ಇರುವುದು ನಿಜ. ಆ ವಾಕ್ಯದಲ್ಲಿ ‘ಎಂದು’ ಆದ ಮೇಲೆ ಏನಿದೆ? ಆ ಮಾತು ಯಾರದು, ಬರೆ. ಮುಂದಿನ ವಾಕ್ಯವನ್ನು ಕೊನೆಯ ಪದದವರೆಗೆ ಓದಿ, ಲೇಖಕರು ಆ ಮಾತನ್ನು ಒಪ್ಪುತ್ತಾರೋ ಇಲ್ಲವೋ, ಬರೆ.”

ಮೊದಲ ವಾಕ್ಯ ಹೊಗಳಿಕೆಯಲ್ಲ. ಮಗು ಏನನ್ನು ನೋಡಿ ಬರೆಯಿತು ಅನ್ನುವುದು ನನಗೆ ಗೊತ್ತಾಗಿದೆ ಅಂತ ಅದಕ್ಕೆ ತಿಳಿಯಬೇಕು, ಇಲ್ಲದಿದ್ದರೆ “ಗದ್ಯದಲ್ಲೇ ಇದೆಯಲ್ಲ ಸಾರ್” ಅಂತ ಮನಸ್ಸಿನಲ್ಲೇ ವಾದ ಮಾಡುತ್ತಾ ಉಳಿದದ್ದನ್ನು ಓದುವುದೇ ಇಲ್ಲ. ಎರಡನೆಯದು ಜಾರಿದ ಪದಕ್ಕೆ ಬೆರಳಿಡುತ್ತದೆ. ಕೊನೆಯದು ಕೈಗೆ ಕೆಲಸ ಕೊಡುತ್ತದೆ. ಉತ್ತರ ಏನು ಅಂತ ಎಲ್ಲೂ ಹೇಳಿಲ್ಲ. ಹೂಳಿನ ಸುದ್ದಿಯೇ ಎತ್ತಿಲ್ಲ. ಮಳೆ ಕಾರಣ ಅಲ್ಲ ಅಂತ ಮಗುವಿಗೇ ಗೊತ್ತಾದರೆ “ಹಾಗಾದರೆ ಏನು” ಅಂತ ತಾನೇ ಮೇಲಕ್ಕೆ ಹೋಗಿ ಹುಡುಕುತ್ತದೆ.

ಚಿತ್ರದುರ್ಗದ ಮೇಷ್ಟ್ರು ವಾಕ್ಯಕ್ಕೆ ನಂಬರ್ ಹಾಕುವುದು ಒಳ್ಳೆಯ ಉಪಾಯ, ನಾನೂ ಮಾಡಿದ್ದೇನೆ. ಆದರೆ “ವಾಕ್ಯ 2, 3 ನೋಡು” ಅನ್ನುವುದು ಸರಿ ಉತ್ತರ ಇರುವ ಜಾಗ. ಮಗು ಜಾರಿದ್ದು 5ರಲ್ಲಿ. ಸರಿ ಉತ್ತರವನ್ನು ಮೂರು ಸಲ ಬರೆದ ಮಗುವಿಗೆ ಈ ಕೆರೆಯ ವಿಷಯ ಗೊತ್ತಾಗುತ್ತದೆ, ಮುಂದಿನ ಗದ್ಯದಲ್ಲಿ ಈ ಕೆರೆ ಇರುವುದಿಲ್ಲವಲ್ಲ.

ಇನ್ನೊಂದು ಥರದ ಉತ್ತರವೂ ನಿಮ್ಮ ಪೇಪರುಗಳಲ್ಲಿ ಬಂದಿರಬೇಕು: “ಅಂಗಡಿಯ ಗೊಬ್ಬರ ಬಂದಿರುವುದರಿಂದ.” ಇದಕ್ಕೆ ಸೊನ್ನೆ ಕೊಟ್ಟಿದ್ದರೆ ದಯವಿಟ್ಟು ಇನ್ನೊಮ್ಮೆ ನೋಡಿ. ಈ ಮಗು ಸರಿಯಾದ ಜಾಗದಲ್ಲೇ ಇದೆ, ನಡುವಿನ ಮೆಟ್ಟಿಲು ಹಾರಿಬಿಟ್ಟಿದೆ. ನಿಮ್ಮ ಗದ್ಯದಲ್ಲಿ ಕಾರಣವನ್ನು ಯಾವ ವಾಕ್ಯವೂ ನೇರವಾಗಿ ಹೇಳುವುದಿಲ್ಲ, ಮಗು ಕೂಡಿಸಿಕೊಳ್ಳಬೇಕು. ಅಂಥವರಿಗೆ ನಾನು ವಾಕ್ಯ ಬರೆಯುವ ಬದಲು ಖಾಲಿ ಜಾಗ ಬಿಟ್ಟು ಕೊಡುತ್ತಿದ್ದೆ:

“ಗೊಬ್ಬರ ಬಂತು → ________ → ________ → ನೀರು ಬೇಗ ಬತ್ತಿತು. ನಡುವಿನ ಎರಡು ಮೆಟ್ಟಿಲು ತುಂಬು. ‘ಆಳವೂ’ ಅನ್ನುವ ಪದ ಎಲ್ಲಿದೆ ನೋಡಿಕೊ.”

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಮಗುವಿನ ಉತ್ತರವನ್ನು ಕೈಯಿಂದ ಮುಚ್ಚಿ ನಿಮ್ಮ ಷರಾ ಮಾತ್ರ ಓದಿ. ಮಗು ಏನು ತಪ್ಪು ಬರೆದಿದೆ ಅಂತ ಷರಾದಿಂದಲೇ ಊಹಿಸಲು ಬಂದರೆ ಅದು ಆ ಮಗುವಿಗೆ ಬರೆದದ್ದು. “ಗಮನವಿಟ್ಟು ಓದು” ಅನ್ನುವುದರಿಂದ ಏನೂ ಊಹಿಸಲು ಆಗುವುದಿಲ್ಲ.

ಏಳನೇ ತರಗತಿ ಹುಡುಗನ ತಾಯಿ, ಬೆಂಗಳೂರು

ನಾನು ಟೀಚರ್ ಅಲ್ಲ. ನನ್ನ ಮಗ ಇಂಗ್ಲಿಷ್ ಮೀಡಿಯಂ, ಕನ್ನಡ ಎರಡನೇ ಭಾಷೆ. ಅವನ ಕನ್ನಡ ಮಿಸ್ ತುಂಬ ಕಷ್ಟಪಟ್ಟು ಪ್ರತಿ ಉತ್ತರದ ಪಕ್ಕ ಎರಡು ಮೂರು ಸಾಲು ಬರೆದು ಕಳಿಸುತ್ತಾರೆ. ಅವನು ಪೇಪರ್ ಕೈಗೆ ಬಂದ ಕೂಡಲೇ ಮೇಲಿನ ಅಂಕ ನೋಡುತ್ತಾನೆ, ಪಕ್ಕದವನ ಅಂಕ ಕೇಳುತ್ತಾನೆ, ಅಷ್ಟೇ. ಮಿಸ್ ಏನು ಬರೆದಿದ್ದಾರೆ ಅಂತ ನಾನು ಕೇಳಿದರೆ “ಏನೋ ಬರೆದಿದ್ದಾರಮ್ಮ” ಅನ್ನುತ್ತಾನೆ. ಒಂದು ಸಲ ಕೂರಿಸಿ ಓದಿಸಿದೆ. ಮಿಸ್ ಬರೆದ “ಸಂದರ್ಭವನ್ನು ಗ್ರಹಿಸಿ ಉತ್ತರಿಸಿ” ಅನ್ನುವುದೇ ಅವನಿಗೆ ಅರ್ಥವಾಗಲಿಲ್ಲ. ಗದ್ಯಕ್ಕಿಂತ ಷರಾ ಕಷ್ಟವಾಗಿತ್ತು. ಮನೆಯಲ್ಲಿ ನಾವು ಆಡುವ ಮಾತಿನಲ್ಲಿ ಬರೆದರೆ ಆಗುವುದಿಲ್ಲವಾ?

ಬಿ.ಎಡ್. ಕಾಲೇಜು ಉಪನ್ಯಾಸಕಿ, ಮೈಸೂರು

ಬೆಂಗಳೂರಿನ ಅಮ್ಮ ಹೇಳಿದ ಮೊದಲ ಮಾತಿನ ಬಗ್ಗೆ ಒಂದು ಹಳೆಯ ಅಧ್ಯಯನವೇ ಇದೆ. ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಐದು ಮತ್ತು ಆರನೇ ತರಗತಿಯ ಮಕ್ಕಳೊಂದಿಗೆ ನಡೆಸಿದ್ದು, 1988ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಷರಾ ಮಾತ್ರ, ಕೆಲವರಿಗೆ ಎರಡೂ ಕೊಟ್ಟರು. ಷರಾ ಮಾತ್ರ ಸಿಕ್ಕಿದ ಮಕ್ಕಳು ಮುಂದಿನ ಕೆಲಸದಲ್ಲಿ ಮೇಲೆ ಬಂದರು. ಎರಡೂ ಸಿಕ್ಕಿದವರಲ್ಲಿ ಆ ಲಾಭ ಕಾಣಲಿಲ್ಲ, ಅಂಕ ಷರಾವನ್ನು ನುಂಗಿಹಾಕಿತ್ತು. ಅದು ಗದ್ಯ ಓದಿ ಉತ್ತರಿಸುವ ಕೆಲಸ ಆಗಿರಲಿಲ್ಲ, ಆದ್ದರಿಂದ ನಮ್ಮ ತರಗತಿಗೆ ಅದನ್ನು ಹಾಗೇ ಅಂಟಿಸಬಾರದು. ಆದರೂ ನಾನು ಪಾಠ ಗಮನಿಸಲು ಹೋದ ಶಾಲೆಗಳಲ್ಲಿ ಅಂಕ ನೋಡಿ ಪೇಪರ್ ಮಡಚುವುದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ನನ್ನ ವಿದ್ಯಾರ್ಥಿ ಶಿಕ್ಷಕರಿಗೆ ನಾನು ಹೇಳುವುದು ಇಷ್ಟು. ಅಂಕವನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ, ಪೇಪರಿನ ಮೇಲೆ ಷರಾ ಮಾತ್ರ ಬರೆಯಿರಿ. ಮಗು ತಿದ್ದಿ ತಂದ ಮೇಲೆ ಅಂಕ ತಿಳಿಸಿ. ಎರಡು ದಿನ ಸಾಕು.

ಭಾಷೆಯ ವಿಷಯದಲ್ಲಿ ಅವರು ಹೇಳಿದ್ದು ಪೂರ್ತಿ ಸರಿ. ಷರಾ ಬರೆಯುವಾಗ ‘ಗ್ರಹಿಸು’, ‘ವಿಶ್ಲೇಷಿಸು’, ‘ಸಂದರ್ಭಾನುಸಾರ’ ಬೇಡ. ‘ನೋಡು’, ‘ಯಾರು’, ‘ಮುಂದೆ ಏನಿದೆ’ ಸಾಕು. ತುಮಕೂರಿನ ಮೇಷ್ಟ್ರ ಷರಾದಲ್ಲಿ ಮಗುವಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ.

ಶಿಕ್ಷಕ, ಚಿತ್ರದುರ್ಗ ಜಿಲ್ಲೆ

ಮೇಷ್ಟ್ರು ಹೇಳಿದ ಜಾಗದ ಮಾತು ಒಪ್ಪಿದೆ. ಸರಿ ಉತ್ತರ ಇರುವ ಕಡೆಗೆ ಕಳಿಸುವುದೂ ಜಾರಿದ ಕಡೆಗೆ ಕಳಿಸುವುದೂ ಬೇರೆ ಬೇರೆ ಅಂತ ಇಷ್ಟು ವರ್ಷ ಯೋಚಿಸಿರಲಿಲ್ಲ. ಆದರೆ ಅಂಕ ಕೊಡದೆ ಪೇಪರ್ ಕಳಿಸಿದರೆ ನಮ್ಮ ಊರಿನಲ್ಲಿ ಮಾರನೇ ದಿನ ಪೋಷಕರು ಗೇಟಿನಲ್ಲಿ ನಿಂತಿರುತ್ತಾರೆ. ಓದಲು ಕಷ್ಟಪಡುವ ಮಕ್ಕಳಿಗೆ ಮಾದರಿ ಉತ್ತರ ಬೇಡವೇ ಬೇಡ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಉತ್ತರದ ವಾಕ್ಯ ಕಟ್ಟಲೇ ಬಾರದ ಮಗುವಿಗೆ “ಯಾರದು, ಬರೆ” ಅಂದರೆ ಅದು ಏನು ಬರೆಯಬೇಕು?

ಶಿಕ್ಷಕಿ, ಉತ್ತರ ಕನ್ನಡ

ನನ್ನ ಎರಡು ವಿಭಾಗ ಸೇರಿಸಿದರೆ ನೂರರ ಹತ್ತಿರ ಮಕ್ಕಳು. ಪ್ರತಿಯೊಬ್ಬರಿಗೂ ಮೂರು ಸಾಲಿನ ಷರಾ ಬರೆಯುತ್ತಾ ಕೂತರೆ ಒಂದು ಟೆಸ್ಟಿಗೆ ವಾರ ಹೋಗುತ್ತದೆ, ಅಷ್ಟರಲ್ಲಿ ಮಕ್ಕಳಿಗೆ ಗದ್ಯವೇ ಮರೆತಿರುತ್ತದೆ. ನಾನು ಮಾಡುವುದನ್ನು ಹೇಳುತ್ತೇನೆ.

ಮೊದಲು ಪೇಪರುಗಳನ್ನು ಅಂಕದ ಪ್ರಕಾರ ಅಲ್ಲ, ಗೆರೆಯ ಪ್ರಕಾರ ಕಟ್ಟು ಮಾಡುತ್ತೇನೆ. ನಿಮ್ಮ ಗದ್ಯಕ್ಕೆ ಮೂರು ನಾಲ್ಕು ಕಟ್ಟು ಆಗಬಹುದು. ಪ್ರತಿ ಕಟ್ಟಿಗೆ ಒಂದು ಷರಾ, ಅದನ್ನು ನಿಧಾನವಾಗಿ ಯೋಚಿಸಿ ಬರೆಯುತ್ತೇನೆ. ಮರುದಿನ ನಾಲ್ಕು ಷರಾಗಳನ್ನೂ ಬೋರ್ಡಿನ ಮೇಲೆ ಬರೆದು, ಪೇಪರ್ ಹಂಚಿ, “ಇದರಲ್ಲಿ ನಿನಗೆ ಬರೆದದ್ದು ಯಾವುದು, ಹುಡುಕು” ಅನ್ನುತ್ತೇನೆ. ತನ್ನದು ಯಾವುದು ಅಂತ ಕಂಡುಕೊಳ್ಳುವುದಕ್ಕೇ ಮಗು ತನ್ನ ಉತ್ತರವನ್ನೂ ಗೆರೆಯನ್ನೂ ಮತ್ತೆ ಓದಲೇಬೇಕು. ಯಾವ ಕಟ್ಟಿಗೂ ಸೇರದ ಆರೇಳು ಪೇಪರ್ ಇದ್ದೇ ಇರುತ್ತವೆ. ಕೈಬರಹದ ಷರಾ ಅವರಿಗೆ ಮಾತ್ರ.

ಗದ್ಯ ಬಿಟ್ಟು ಸ್ವಂತ ತಿಳಿವಳಿಕೆ ಬರೆದವರ ಬಗ್ಗೆ ಒಂದು ಮಾತು. “ಕೆರೆ ಒತ್ತುವರಿಯಾಗಿದೆ” ಅಂತ ಬರೆದಿರುತ್ತಾರೆ. ಅದು ಎಷ್ಟೋ ಊರಿನಲ್ಲಿ ನಿಜ. “ತಪ್ಪು” ಅಂತ ಬರೆದರೆ ಮಗುವಿಗೆ ತಾನು ಕಣ್ಣಾರೆ ಕಂಡದ್ದೇ ಸುಳ್ಳು ಅನ್ನಿಸುತ್ತದೆ. ಅದಕ್ಕೆ “ಇದು ನಿನ್ನ ಊರಿನಲ್ಲಿ ನಿಜ ಇರಬಹುದು. ಈ ಗದ್ಯದಲ್ಲಿ ಒತ್ತುವರಿ ಹೇಳುವ ವಾಕ್ಯಕ್ಕೆ ಗೆರೆ ಎಳೆ. ಇಲ್ಲದಿದ್ದರೆ ‘ಇಲ್ಲ’ ಅಂತ ಬರೆದು, ಗದ್ಯದಿಂದ ಬೇರೆ ಕಾರಣ ಹುಡುಕು” ಅಂತ ಬರೆಯುತ್ತೇನೆ.

ಚಿತ್ರದುರ್ಗದ ಸರ್, ವಾಕ್ಯ ಕಟ್ಟಲು ಬಾರದ ಮಕ್ಕಳಿಗೆ ನಾನು ಅರ್ಧ ವಾಕ್ಯ ಬರೆದುಕೊಡುತ್ತೇನೆ: “‘ಮಳೆ ಕಡಿಮೆಯಾಗಿದೆ’ ಎಂದು ಹೇಳುವವರು ______. ಲೇಖಕರು ಇದನ್ನು ______.” ಅದು ಮಾದರಿಯೂ ಹೌದು, ಉತ್ತರ ಕೊಟ್ಟ ಹಾಗೂ ಆಗುವುದಿಲ್ಲ.

ಕನ್ನಡ ಶಿಕ್ಷಕಿ, ಹಾವೇರಿ ಕಡೆ

ಎಲ್ಲರಿಗೂ ನಮಸ್ಕಾರ. ಪೇಪರ್ ವಾಪಸ್ ಕೊಟ್ಟು ಗೆರೆ ಎಳೆಸಿದೆ. ಫಲಿತಾಂಶ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

23ರಲ್ಲಿ 14 ಮಕ್ಕಳು ಐದನೇ ವಾಕ್ಯಕ್ಕೆ ಗೆರೆ ಎಳೆದಿದ್ದಾರೆ, ಮೇಷ್ಟ್ರು ಹೇಳಿದ ಹಾಗೇ. ಆರು ಮಕ್ಕಳು “ನನಗೆ ಗೊತ್ತಿದ್ದದ್ದು” ಅಂತ ಬರೆದಿದ್ದಾರೆ. ಇಬ್ಬರು ಪಕ್ಕದವರ ಗೆರೆ ನೋಡಿ ಎಳೆದಿದ್ದಾರೆ ಅಂತ ನನ್ನ ಅನುಮಾನ. ಒಬ್ಬ ಹುಡುಗ ಮಾತ್ರ ಒಂದನೇ ವಾಕ್ಯಕ್ಕೂ ಐದನೆಯದಕ್ಕೂ ಗೆರೆ ಎಳೆದಿದ್ದ. ಒಂದನೇ ವಾಕ್ಯ ಯಾಕೆ ಅಂತ ತಿಳಿಯದೆ ಕರೆದು ಗಟ್ಟಿಯಾಗಿ ಓದಿಸಿದೆ. “ರೈತರು ಹುಳುವನ್ನು ಗಾಡಿಗೆ ತುಂಬಿ ಹೊಲಕ್ಕೆ ಹಾಕುತ್ತಿದ್ದರು” ಅಂತ ಓದಿದ.

ಹೂಳು ಅನ್ನುವುದನ್ನು ಹುಳು ಅಂತ ಓದಿಕೊಂಡಿದ್ದಾನೆ. “ಯಾವ ಹುಳು ಅಪ್ಪಾ” ಅಂತ ಕೇಳಿದರೆ “ಎರೆಹುಳು ಮಿಸ್, ಗೊಬ್ಬರ ಆಗುತ್ತಲ್ಲ” ಅಂದ. ಅವರ ಮನೆಯಲ್ಲಿ ಎರೆಹುಳು ಗೊಬ್ಬರದ ತೊಟ್ಟಿ ಇದೆಯಂತೆ. ಅವನ ಪಾಲಿಗೆ ಗದ್ಯ ಪೂರ್ತಿ ಕೂಡಿಬಂದಿದೆ! ಹುಳು ಹಾಕಿದರು, ಹೊಲಕ್ಕೆ ಸತ್ವ ಸಿಕ್ಕಿತು, ಅಂಗಡಿ ಗೊಬ್ಬರ ಬಂದ ಮೇಲೆ ಹುಳು ಬಿಟ್ಟರು. ಕೆರೆಯ ಆಳಕ್ಕೂ ಹುಳುವಿಗೂ ಸಂಬಂಧ ಸಿಗದೆ ಅದನ್ನು ಬಿಟ್ಟಿದ್ದಾನೆ. ನೀರು ಬತ್ತಲು ಉಳಿದ ಕಾರಣ ಮಳೆ ಒಂದೇ. ಅವನಿಗೆ “ಎಂದು” ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದರೂ ಅವನು ಹೂಳಿನವರೆಗೆ ಬರುತ್ತಿರಲಿಲ್ಲ. ಅವನ ಪೇಪರಿನಲ್ಲಿ “ಒಂದನೇ ವಾಕ್ಯದ ನಾಲ್ಕನೇ ಪದದಿಂದ ಮುಂದೆ ಅಕ್ಷರ ಅಕ್ಷರ ನೋಡಿ ಓದು. ಹ ಅಕ್ಷರಕ್ಕೆ ಯಾವ ಕೊಂಬು ಇದೆ? ಕೆರೆ ಒಣಗಿದಾಗ ತಳದಲ್ಲಿ ಏನು ಸಿಗುತ್ತದೆ ಅಂತ ಮನೆಯಲ್ಲಿ ಕೇಳಿಕೊಂಡು ಬಾ” ಅಂತ ಬರೆದೆ.

ಐದನೇ ವಾಕ್ಯದವರಿಗೆ ಮೇಷ್ಟ್ರ ಷರಾವನ್ನೇ ಬೋರ್ಡಿನ ಮೇಲೆ ಬರೆದೆ. 14ರಲ್ಲಿ 11 ಮಕ್ಕಳು ತಿದ್ದಿ ತಂದರು. ಅದರಲ್ಲಿ ಒಬ್ಬ ಬರೆದದ್ದು: “ಮಳೆ ಕಡಿಮೆಯಾಗಿಲ್ಲ, ಊರಿನವರು ಸುಳ್ಳು ಹೇಳುತ್ತಾರೆ.” ಇದಕ್ಕೆ ಏನು ಬರೆಯಲಿ ಮೇಷ್ಟ್ರೇ? ಮತ್ತೆ, ಇದು ನಿಜವಾಗಿ ಕಲಿತದ್ದೋ ಅಲ್ಲವೋ ಅಂತ ಹೇಗೆ ತಿಳಿಯುವುದು?

ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು

ಆ ಎರೆಹುಳು ಹುಡುಗನ ವಿಷಯ ಓದಿ ಬಹಳ ಸಂತೋಷವಾಯಿತು ಮೇಡಂ. ಆದರೆ ಅವನಿಗೆ ಬರೆದ ಷರಾ ಸ್ವಲ್ಪ ಸುತ್ತಿನದು. ಪದ ಎಣಿಸುವುದರಲ್ಲೇ ಅವನು ಸುಸ್ತಾಗುತ್ತಾನೆ. “ಹೂಳು, ಹುಳು: ಗದ್ಯದಲ್ಲಿ ಇರುವುದು ಯಾವುದು?” ಅಂತ ಎರಡನ್ನೂ ಪಕ್ಕ ಪಕ್ಕ ಬರೆದರೆ ಸಾಕು. ಅರ್ಥ ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿದ್ದು ಹಾಗೇ ಇರಲಿ.

“ಸುಳ್ಳು ಹೇಳುತ್ತಾರೆ” ಅಂದವನು ಮಾತು ಯಾರದು ಅನ್ನುವುದನ್ನು ಹಿಡಿದಿದ್ದಾನೆ. ಈಗ ಅವನ ಜಾರು ಬೇರೆ. ತಪ್ಪಾಗಿ ತಿಳಿಯುವುದೂ ಸುಳ್ಳು ಹೇಳುವುದೂ ಒಂದೇ ಅಂದುಕೊಂಡಿದ್ದಾನೆ. “ಗೊತ್ತಿದ್ದೂ ಬೇರೆ ಹೇಳಿದರು ಅಂತ ಗದ್ಯದಲ್ಲಿ ಎಲ್ಲಿದೆ?” ಅಂತ ಒಂದೇ ಪ್ರಶ್ನೆ ಸಾಕು. ಕೆರೆಯ ಕಾರಣ ಅವನಿನ್ನೂ ಬರೆದಿಲ್ಲ ಅನ್ನುವುದನ್ನೂ ಮರೆಯಬೇಡಿ.

ಕಲಿತದ್ದು ತಿಳಿಯಬೇಕಾದರೆ ಒಂದು ವಾರ ಬಿಟ್ಟು, ಬೇರೆ ವಿಷಯದ ಎರಡು ಪುಟ್ಟ ಗದ್ಯ ಕೊಡಿ. ಒಂದರಲ್ಲಿ: “ಹಾವು ಪುಂಗಿಯ ನಾದಕ್ಕೆ ತಲೆದೂಗುತ್ತದೆ ಎಂದು ಜನ ನಂಬುತ್ತಾರೆ. ಆದರೆ ಅದು ಹಿಂಬಾಲಿಸುವುದು ಪುಂಗಿಯ ಓಲಾಟವನ್ನು.” ಇನ್ನೊಂದರಲ್ಲಿ: “ಹುತ್ತದಲ್ಲಿ ಹಾವು ಇರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹುತ್ತದೊಳಗಿನ ತಂಪು ಅದಕ್ಕೆ ಹಿತ.” ಎರಡರಲ್ಲೂ “ಎಂದು” ಇದೆ. ಮೊದಲನೆಯದರಲ್ಲಿ ಲೇಖಕರು ಒಪ್ಪುವುದಿಲ್ಲ, ಎರಡನೆಯದರಲ್ಲಿ ಒಪ್ಪುತ್ತಾರೆ. ಎರಡನ್ನೂ ಕೊಡಲೇಬೇಕು. ನಾನು ಬಹಳ ವರ್ಷ ಮೊದಲನೇ ಥರದ್ದನ್ನೇ ಕೊಡುತ್ತಿದ್ದೆ. ಮಕ್ಕಳು “ಎಂದು” ಕಂಡ ಕೂಡಲೇ “ಅದು ತಪ್ಪು ನಂಬಿಕೆ” ಅಂತ ಬರೆಯಲು ಶುರು ಮಾಡಿದರು. ನನ್ನ ಷರಾ ಒಂದು ಜಾರನ್ನು ತೆಗೆದು ಇನ್ನೊಂದನ್ನು ಇಟ್ಟಿತ್ತು.

ಕನ್ನಡ ಶಿಕ್ಷಕಿ, ಹಾವೇರಿ ಕಡೆ

ಎರಡೂ ಗದ್ಯ ಬರೆದಿಟ್ಟುಕೊಂಡೆ ಮೇಷ್ಟ್ರೇ. ಇನ್ನು ಒಂದೇ ಒಂದು ಪೇಪರ್ ಉಳಿದಿದೆ. “ನನಗೆ ಗೊತ್ತಿದ್ದದ್ದು” ಅಂತ ಬರೆದ ಆರು ಮಕ್ಕಳಲ್ಲಿ ಒಬ್ಬ ಹುಡುಗಿ ಷರಾ ಓದಿ ಬಂದು ಹೇಳಿದಳು: “ಮಿಸ್, ಲೆಕ್ಕ ಇರೋದು ವರ್ಷದ ಮಳೆಯದ್ದು. ಒಂದೇ ವಾರದಾಗ ಎಲ್ಲಾ ಸುರಿದರ ಕೆರಿ ಕೋಡಿ ಬಿದ್ದು ಹರಿದು ಹೋಗತೈತಿ, ಆಮೇಲೆ ಮಳಿ ಬರಲ್ಲ. ಲೆಕ್ಕ ಅಷ್ಟೇ ಇರತೈತಿ, ನೀರು ಬೇಗ ಬತ್ತತೈತಿ.” ನನ್ನ ಗದ್ಯಕ್ಕೆ ನಾನೇ ಯೋಚಿಸದ ಪ್ರಶ್ನೆ ಅದು.

ಶಿಕ್ಷಕ, ಚಿತ್ರದುರ್ಗ ಜಿಲ್ಲೆ

ಪೂರ್ತಿ ಅಂಕ ಕೊಡಿ ಮೇಡಂ. ಅವಳು ಆರನೇ ವಾಕ್ಯವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದ್ದಾಳೆ.

ಬಿ.ಎಡ್. ಕಾಲೇಜು ಉಪನ್ಯಾಸಕಿ, ಮೈಸೂರು

ನಾನು ಕೊಡುವುದಿಲ್ಲ. ಪ್ರಶ್ನೆಯಲ್ಲಿ “ಲೇಖಕರು ಸೂಚಿಸುವ ಕಾರಣ” ಅಂತಿದೆ, ಅವಳು ಹೇಳಿದ್ದು ಅವಳ ಕಾರಣ. ಬೋರ್ಡ್ ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಸಿಗುವುದಿಲ್ಲ ಅಂತ ಅವಳಿಗೆ ಈಗಲೇ ತಿಳಿಯಬೇಕು. ಅವಳ ವಾದ ಎಷ್ಟು ಒಳ್ಳೆಯದು ಅನ್ನುವುದು ಬೇರೆ ಮಾತು. ಅದನ್ನು ತರಗತಿಯಲ್ಲಿ ಎಲ್ಲರ ಮುಂದೆ ಹೇಳಿಸಿ.

ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು

ಅಂಕದ ವಿಷಯದಲ್ಲಿ ನನಗೆ ಎರಡೂ ಕಡೆ ಮನಸ್ಸು ಎಳೆಯುತ್ತಿದೆ. ಆದರೆ ಅವಳು ಎರಡನ್ನೂ ಬೇರೆ ಬೇರೆ ಬರೆಯಲಿ, ಲೇಖಕರದ್ದು ಒಂದು ವಾಕ್ಯ, ತನ್ನದು ಒಂದು ವಾಕ್ಯ. ಎರಡನ್ನೂ ಬೇರೆ ಇಡಲು ಬಂದರೆ ಅವಳಿಗೆ ಗದ್ಯ ಅರ್ಥವಾಗಿದೆ.

ಕನ್ನಡ ಶಿಕ್ಷಕಿ, ಹಾವೇರಿ ಕಡೆ

ಅಂಕದ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ. ಪಕ್ಕದಲ್ಲಿ ಇಷ್ಟು ಬರೆದೆ: “ಲೇಖಕರು ಏನು ಕಾರಣ ಅನ್ನುತ್ತಾರೆ, ಒಂದು ವಾಕ್ಯ ಬರೆ. ಅವರ ಮಳೆ ಲೆಕ್ಕದ ಬಗ್ಗೆ ನಿನ್ನ ಪ್ರಶ್ನೆ ಏನು, ಇನ್ನೊಂದು ವಾಕ್ಯ ಬರೆ. ಎರಡನೇ ವಾಕ್ಯ ‘ಆದರೆ’ಯಿಂದ ಶುರುವಾಗಲಿ.” ಸೋಮವಾರ ತರುತ್ತಾಳೆ.